ಸಂಸ್ಕೃತಿ ಸಚಿವರಿಗೆ ಬಹಿರಂಗ ಪತ್ರ: ತಂಬೂರಿ ಕತೆಗೆ ಮೂರು ರಾತ್ರಿ ಬೇಕು

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ, ಮಳವಳ್ಳಿ ಕಡೆಯಿಂದ ನಮಸ್ಕಾರಗಳು.

ಗುರು ಮಂಟೇಸ್ವಾಮಿಯ ಕಾವ್ಯ ಹಾಡುವ ನೀಲಗಾರರ ತಂಬೂರಿ ಕತೆ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಲು ಅನುದಾನ ಕೇಳಿ ಇಲಾಖೆಗೆ ಅರ್ಜಿ ಹಾಕುತ್ತಿದ್ದೇನೆ. ಅರ್ಜಿ ನಮೂನೆಯಲ್ಲಿ ‘ಅಗತ್ಯ’, ‘ನಿರೀಕ್ಷಿತ ಫಲಿತಾಂಶ’ ಅಂತ ಎರಡು ಖಾನೆಗಳಿವೆ. ಅಲ್ಲಿ ನಾಲ್ಕು ಸಾಲಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಖರ್ಚಾಗುವುದು ಜನರ ದುಡ್ಡು, ಹಾಗಾಗಿ ಉಳಿದದ್ದನ್ನು ಎಲ್ಲರೂ ಓದುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಮಂಟೇಸ್ವಾಮಿ ಪದಗಳೇ ಕಾಣೆಯಾಗುತ್ತಿವೆ ಅಂತ ನಾನು ಹೇಳುತ್ತಿಲ್ಲ. ಪದಗಳು ಚೆನ್ನಾಗಿಯೇ ಇವೆ. ಟ್ರಾಕ್ಟರಿನಲ್ಲಿ, ಮೊಬೈಲಿನಲ್ಲಿ, ದೇವಸ್ಥಾನದ ಮೈಕಿನಲ್ಲಿ ದಿನಾ ಕೇಳುತ್ತವೆ. ಕಾವ್ಯದ ಪಠ್ಯ ಕೂಡ ಪುಸ್ತಕವಾಗಿ ಬಂದಿದೆ. ಹೋಗುತ್ತಿರುವುದು ರಾತ್ರಿ ಪೂರ್ತಿ ಕೂತು ಹೇಳುವ ಕತೆ. ಹರಕೆಗೋ ತಿಥಿಗೋ ಮನೆಯವರು ‘ಕತೆ ಮಾಡಿಸಿದರೆ’ ನೀಲಗಾರರು ಊಟ ಮುಗಿಸಿ ಕೂತು ಬೆಳಗಿನ ಜಾವದವರೆಗೆ ಒಂದು ಸಾಲು ಹೇಳುತ್ತಿದ್ದರು. ಸಾಲು ಅಂದರೆ ಕಾವ್ಯದ ಒಂದು ಭಾಗ. ಕಲ್ಯಾಣದ್ದು ಒಂದು ಸಾಲು, ಮಂಟೇಸ್ವಾಮಿಯ ಶಿಷ್ಯ ರಾಚಪ್ಪಾಜಿಯದು ಒಂದು, ಸಿದ್ದಪ್ಪಾಜಿಯದು ಇನ್ನೊಂದು.

ಈಗ ಏನಾಗಿದೆ ಅಂದರೆ, ವೇದಿಕೆ ಕಾರ್ಯಕ್ರಮದಲ್ಲಿ ಒಂದು ಮೇಳಕ್ಕೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಹಾಡುಗಾರ ಏನು ಮಾಡಬೇಕು? ಜನಕ್ಕೆ ಗೊತ್ತಿರುವ ಎರಡು ಪದ ಹೇಳಿ ಕೈ ಮುಗಿಯುತ್ತಾನೆ. ಪದಗಳ ನಡುವಿನ ಮಾತು ಪೂರ್ತಿ ಬಿಟ್ಟುಹೋಗುತ್ತದೆ. ಕತೆ ಇರುವುದೇ ಆ ಮಾತಿನಲ್ಲಿ.

ಹಲಗೂರಿನ ಭಾಗವನ್ನೇ ತೆಗೆದುಕೊಳ್ಳಿ. ಮದ್ದೂರು ತಾಲ್ಲೂಕಿನ ನಿಡಘಟ್ಟದ ಆಚಾರರ ಮನೆಯ ಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಷ್ಯನಾಗಿ ಕೇಳುತ್ತಾರೆ. ಅವನೇ ಮುಂದೆ ಸಿದ್ದಪ್ಪಾಜಿ. ಗುರು ಅವನನ್ನು ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ತರಲು ಕಳಿಸುತ್ತಾರೆ. ಕುಲುಮೆಯವರ ಮನೆಯಲ್ಲೇ ಹುಟ್ಟಿದವನು ಕುಲುಮೆಯವರ ಬಾಗಿಲಲ್ಲೇ ಕಬ್ಬಿಣ ಬೇಡುತ್ತಾನೆ, ಅವರು ಕೊಡುವುದಿಲ್ಲ, ಪರೀಕ್ಷೆ ಮೇಲೆ ಪರೀಕ್ಷೆ ಒಡ್ಡುತ್ತಾರೆ. ವೇದಿಕೆಯಲ್ಲಿ ಸಿದ್ದಪ್ಪಾಜಿ ಹಲಗೂರಿಗೆ ಬಂದ, ಪವಾಡ ಮಾಡಿದ, ಮುಗಿಯಿತು. ರಾತ್ರಿ ಕತೆಯಲ್ಲಿ ಹಾಗಲ್ಲ. ಪಾಂಚಾಳರ ಜೊತೆಗಿನ ವಾದ, ಚೌಕಾಸಿ, ಬೈಗುಳ, ತಮಾಷೆ ಎಲ್ಲ ಇರುತ್ತದೆ. ಹಾಡುಗಾರ ಎದುರು ಕೂತ ಊರವರ ಮುಖ ನೋಡಿಕೊಂಡು ಮಾತು ಬೆಳೆಸುತ್ತಾನೆ. ಹಿಮ್ಮೇಳದವನು ‘ಹ್ಞೂಂ, ಆಮೇಲೆ?’ ಅಂತ ಎಳೆಯುತ್ತಾನೆ. ಮೂಲೆಯಲ್ಲಿ ಕೂತ ಅಜ್ಜಿ ನಡುವೆ ಒಂದು ಮಾತು ಸೇರಿಸಿದರೆ ಅದಕ್ಕೂ ಅಲ್ಲೇ ಉತ್ತರ ಬರುತ್ತದೆ. ಇದನ್ನು ಬಾಯಿಪಾಠ ಮಾಡಿ ಕಲಿಯಲು ಆಗುವುದಿಲ್ಲ, ಹಿಮ್ಮೇಳದಲ್ಲಿ ಕೂತು ರಾತ್ರಿಗಟ್ಟಲೆ ಕೇಳಿಯೇ ಕಲಿಯಬೇಕು. ರಾತ್ರಿ ಕತೆ ನಿಂತರೆ ಕಲಿಯುವ ಜಾಗವೇ ಇಲ್ಲ.

ಆದ್ದರಿಂದ ನಾನು ಕೇಳುತ್ತಿರುವುದು ಮೂರು ರಾತ್ರಿ. ನಿಡಘಟ್ಟದಲ್ಲಿ ಒಂದು, ಹಲಗೂರಿನಲ್ಲಿ ಒಂದು, ಬೊಪ್ಪೇಗೌಡನಪುರದಲ್ಲಿ ಒಂದು. ಮೂರೂ ಕತೆಯೊಳಗಿನ ಊರುಗಳೇ, ಮೂರೂ ನಮ್ಮ ಮಂಡ್ಯ ಜಿಲ್ಲೆಯವೇ. ಸ್ಟುಡಿಯೋದಲ್ಲಿ ಮಾಡಿದರೆ ಖರ್ಚು ಕಡಿಮೆ, ನಿಜ. ಆದರೆ ಕೇಳುವವರಿಲ್ಲದೆ ಕ್ಯಾಮೆರಾಕ್ಕೆ ಹೇಳು ಅಂದರೆ ಮಾತು ತಾನಾಗಿಯೇ ಕುಗ್ಗುತ್ತದೆ. ಎರಡು ಪದಗಳ ನಡುವೆ ಎಷ್ಟು ಹೊತ್ತು ಮಾತಿದೆ ಅಂತ ಗಡಿಯಾರ ಹಿಡಿದು ನೋಡಿದರೆ ಸಾಕು, ಗೊತ್ತಾಗುತ್ತದೆ.

ಚಿತ್ರೀಕರಣದಲ್ಲಿ ಜಾಸ್ತಿ ಕೆಡುವುದು ಧ್ವನಿ. ಸಾಮಾನ್ಯವಾಗಿ ಮೈಕ್ ಸೆಟ್ಟಿನ ಆಂಪ್ಲಿಫೈಯರಿಗೇ ವೈರ್ ಸಿಕ್ಕಿಸಿ ಧ್ವನಿ ತೆಗೆಯುತ್ತಾರೆ. ಆಗ ಗಗ್ಗರ, ದಮ್ಮಡಿಗಳ ಸದ್ದು ಒಡೆದು ಮಾತನ್ನೇ ನುಂಗಿಬಿಡುತ್ತದೆ, ತಂಬೂರಿ ಕೇಳಿಸುವುದೇ ಇಲ್ಲ. ನಾವು ಹಾರ್ನ್ ಸ್ಪೀಕರ್ ಹಾಕುವುದಿಲ್ಲ. ಮುಖ್ಯ ಹಾಡುಗಾರನಿಗೆ ಒಂದು ಮೈಕ್, ಹಿಮ್ಮೇಳಕ್ಕೆ ಒಂದು, ಕೂತ ಜನಕ್ಕೆ ಒಂದು, ಮೂರನ್ನೂ ಬೇರೆ ಬೇರೆಯಾಗಿ ದಾಖಲಿಸುತ್ತೇವೆ. ಬೆಳಕು ಮನೆ ಜಗಲಿಯ ಬಲ್ಬಿನದೇ. ನಮ್ಮ ಕರೆಂಟು 50 ಹರ್ಟ್ಸ್ ಇರುವುದರಿಂದ ಶಟರನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಟ್ಟರೆ ಚಿತ್ರ ಮಿನುಗುವ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ದೊಡ್ಡ ಲೈಟು ಮುಖಕ್ಕೆ ಹೊಡೆದರೆ ಎದುರು ಕೂತವರು ಹಾಡುಗಾರನಿಗೆ ಕಾಣಿಸುವುದಿಲ್ಲ, ಆಮೇಲೆ ಯಾರ ಮುಖ ನೋಡಿ ಮಾತು ಬೆಳೆಸುತ್ತಾನೆ?

ಖರ್ಚು ಒಟ್ಟು 7,80,000 ರೂಪಾಯಿ. ಕ್ಯಾಮೆರಾ, ಧ್ವನಿ ಮತ್ತು ಅದರ ಜನಕ್ಕೆ 3,20,000. ಮೇಳಕ್ಕೆ ರಾತ್ರಿಗೆ 25,000ದಂತೆ 75,000. ಇದರಲ್ಲಿ ಮುಖ್ಯ ಹಾಡುಗಾರನಿಗೆ 10,000, ಜೊತೆಯ ಮೂವರಿಗೆ ತಲಾ 5,000. ಕಲಾವಿದರ ಪಾಲು ಜಾಸ್ತಿಯಾಯಿತು ಅಂತ ಇಲಾಖೆಯಲ್ಲಿ ಯಾರಿಗಾದರೂ ಅನ್ನಿಸಿದರೆ, ಕ್ಯಾಮೆರಾದ ಪಾಲನ್ನು ಇನ್ನೊಮ್ಮೆ ನೋಡಲಿ. ಬರಹಕ್ಕೆ 70,000. ಮೂರು ರಾತ್ರಿ ಅಂದರೆ ಸುಮಾರು 24 ಗಂಟೆಯ ಕತೆ. ಒಂದು ಗಂಟೆಯ ಮಾತನ್ನು ಆಡಿದ ಹಾಗೇ ಬರೆದಿಡಲು ಹನ್ನೆರಡು ಗಂಟೆ ಕೆಲಸ ಅಂತ ಲೆಕ್ಕ ಹಿಡಿದಿದ್ದೇನೆ. ಬರೆದದ್ದನ್ನು ಹಾಡುಗಾರನ ಮುಂದೆ ಓದಿ ತಿದ್ದಿಸಬೇಕು, ಆ ದಿನಗಳಿಗೂ ಅವನಿಗೆ ಕೂಲಿ ಕೊಡಬೇಕು. ಉಳಿದ 3,15,000 ಸಂಕಲನ, ಓಡಾಟ, ಮೂರೂ ಊರಲ್ಲಿ ಬಂದವರಿಗೆ ಊಟ, ಹಾರ್ಡ್ ಡಿಸ್ಕ್ ಮತ್ತು ಆಮೇಲೆ ಅದೇ ಊರುಗಳಲ್ಲಿ ಪ್ರದರ್ಶನಕ್ಕೆ.

ಕೊನೆಗೆ ಸಿಗುವುದೇನು? ಒಂದು ಗಂಟೆಯ ಸಾಕ್ಷ್ಯಚಿತ್ರ. ಆದರೆ ನನ್ನ ಮಟ್ಟಿಗೆ ಅದು ಎರಡನೆಯದು. ಮೊದಲನೆಯದು ಕತ್ತರಿ ಹಾಕದ ಆ 24 ಗಂಟೆ, ಜೊತೆಗೆ ಯಾವ ಮಾತು ಎಷ್ಟನೇ ನಿಮಿಷದಲ್ಲಿದೆ ಅಂತ ತೋರಿಸುವ ಬರಹ. ಇದರ ಒಂದು ಪ್ರತಿ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯಕ್ಕೆ, ಒಂದು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೆ, ಒಂದು ಮೇಳಕ್ಕೇ. ಹಾಡಿನ ಹಕ್ಕು ಹಾಡಿದವರದ್ದೇ. ದೀಕ್ಷೆಯಂಥ ಒಳಗಿನ ಆಚರಣೆಗಳನ್ನು ಮಂಟೇಸ್ವಾಮಿ ಮಠದವರು ಒಪ್ಪಿದರೆ ಮಾತ್ರ ತೆಗೆಯುತ್ತೇವೆ, ಇಲ್ಲದಿದ್ದರೆ ಇಲ್ಲ.

ಆಗದೇ ಇರುವುದನ್ನೂ ಹೇಳಿಬಿಡುತ್ತೇನೆ. ಮೂರು ರಾತ್ರಿಯಲ್ಲಿ ಇಡೀ ಕಾವ್ಯ ಸಿಗುವುದಿಲ್ಲ. ಒಂದು ಮೇಳ ಹೇಳಿದ ಹಾಗೆ ಇನ್ನೊಂದು ಹೇಳುವುದಿಲ್ಲ, ನಮ್ಮದು ಒಂದು ಮೇಳದ್ದು ಅಷ್ಟೇ. ಚಿತ್ರ ನೋಡಿ ಹುಡುಗರು ತಂಬೂರಿ ಹಿಡಿಯುತ್ತಾರೆ ಅಂತ ಬರೆದುಕೊಡಲು ನನಗೆ ಮನಸ್ಸಿಲ್ಲ.

ಒಂದು ಷರತ್ತನ್ನು ನೀವೇ ಹಾಕಿ. ಅನುದಾನದ ಚಿತ್ರಗಳಲ್ಲಿ ಇಪ್ಪತ್ತು ನಿಮಿಷದ ಸಿ.ಡಿ. ಕೊಟ್ಟು ಕೈತೊಳೆದುಕೊಂಡರೆ ಉಳಿದ ಚಿತ್ರೀಕರಣ ಯಾರದೋ ಡಿಸ್ಕಿನಲ್ಲಿ ಕೂತು ಹಾಳಾಗುತ್ತದೆ. ಕೊನೆಯ ಕಂತನ್ನು ಪೂರ್ತಿ ದಾಖಲೆ ಸಂಗ್ರಹಾಲಯಕ್ಕೆ ಸೇರಿದ ರಸೀದಿ ನೋಡಿಯೇ ಬಿಡುಗಡೆ ಮಾಡಿ. ನನಗೂ ಅದೇ ನಿಯಮ ಇರಲಿ.

ಸಮಯದ ವಿಷಯವೂ ಇದೆ. ಪುಷ್ಯ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ, ಶಿವರಾತ್ರಿಯಿಂದ ಯುಗಾದಿವರೆಗೆ ಕಪ್ಪಡಿ ಜಾತ್ರೆ. ಆ ದಿನಗಳಲ್ಲಿ ನೀಲಗಾರರು ಯಾರ ಕೈಗೂ ಸಿಗುವುದಿಲ್ಲ. ಮಳೆ ನಿಂತ ಮೇಲೆ, ಚಿಕ್ಕಲ್ಲೂರಿಗೆ ಮುಂಚೆ ಮೂರೂ ರಾತ್ರಿ ಮುಗಿಯಬೇಕು. ಮಂಜೂರಾತಿ ಆದೇಶ ದೀಪಾವಳಿಯೊಳಗೆ ಬಂದರೆ ಆಗುತ್ತದೆ, ಮಾರ್ಚಿನಲ್ಲಿ ಬಂದರೆ ಒಂದು ವರ್ಷ ಹೋದ ಹಾಗೆ.

ಇಂತಿ ತಮ್ಮ ವಿಶ್ವಾಸಿ,
ಮಳವಳ್ಳಿ ತಾಲ್ಲೂಕಿನ ಒಬ್ಬ ಸಾಕ್ಷ್ಯಚಿತ್ರಕಾರ