ನೀರಲ್ಲಿ ನಿಂತ ಕಾರಿನ ಕೀ ಮುಟ್ಟಬೇಡಿ

ಸಂಪಾದಕರಿಗೆ ನಮಸ್ಕಾರ.

ಮಳೆ ಜೋರಾದಾಗಲೆಲ್ಲ ಮಂಗಳೂರಿನ ಕೊಟ್ಟಾರ ಚೌಕಿ, ಪಡೀಲು ರೈಲ್ವೆ ಅಂಡರ್‌ಪಾಸ್, ಪಂಪ್‌ವೆಲ್ ಕಡೆ ನೀರಲ್ಲಿ ಸಿಕ್ಕಿಬಿದ್ದ ಕಾರುಗಳ ಚಿತ್ರ ನಿಮ್ಮ ಪತ್ರಿಕೆಯಲ್ಲಿ ಬರುತ್ತದೆ. ಚರಂಡಿ, ರಾಜಕಾಲುವೆಗಳ ಬಗ್ಗೆ ಚರ್ಚೆಯೂ ಆಗುತ್ತದೆ. ಆ ಕಾರುಗಳು ಟೋ ಆಗಿ ಹೋದ ಮೇಲೆ ಏನಾಗುತ್ತದೆ ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ. ನಾನು ನಗರದ ಒಂದು ಕಾರು ವರ್ಕ್‌ಶಾಪಿನಲ್ಲಿ ಇನ್ಶೂರೆನ್ಸ್ ಕ್ಲೇಮಿನ ಕಾಗದಪತ್ರ ನೋಡಿಕೊಳ್ಳುವವನು. ಎಂಜಿನ್ ಪ್ರೊಟೆಕ್ಷನ್‌ಗೆ ದುಡ್ಡು ಕಟ್ಟಿದ ಮೇಲೂ ಕ್ಲೇಮ್ ತಿರಸ್ಕಾರವಾಗಿ ಜನ ಕೌಂಟರ್ ಎದುರು ಸುಮ್ನೆ ನಿಂತುಬಿಡುವುದನ್ನು ಪ್ರತಿ ಮಳೆಗಾಲ ನೋಡುತ್ತೇನೆ. ಅದಕ್ಕೇ ಈ ಪತ್ರ.

ಮೊದಲು ಸಾಮಾನ್ಯ ಪಾಲಿಸಿಯ ವಿಚಾರ. ನಾವು ಫುಲ್ ಇನ್ಶೂರೆನ್ಸ್ ಎಂದು ಕರೆಯುವ ಪಾಲಿಸಿಯಲ್ಲಿ ಪ್ರವಾಹದ ಹೆಸರು ಸ್ಪಷ್ಟವಾಗಿ ಇದೆ. ಹಾಗಾಗಿ ನೆರೆ ಬಂದು ಎಂಜಿನ್ ಹೋದರೆ ದುಡ್ಡು ಬರುತ್ತದೆ ಎಂದೇ ಎಲ್ಲರೂ ತಿಳಿದಿರುತ್ತಾರೆ. ಆದರೆ ಅದೇ ಪಾಲಿಸಿಯ ಕೆಳಗೆ, ಒಂದು ಘಟನೆಯ ಪರಿಣಾಮವಾಗಿ ಮುಂದೆ ಆಗುವ ನಷ್ಟಕ್ಕೂ ಯಾಂತ್ರಿಕ ವೈಫಲ್ಯಕ್ಕೂ ಹಣ ಕೊಡುವುದಿಲ್ಲ ಎಂದು ಬರೆದಿದೆ. ಕಂಪನಿಗಳು ಇದನ್ನು ಹೀಗೆ ಓದುತ್ತವೆ: ಕಾರ್ಪೆಟ್ ಒದ್ದೆಯಾದದ್ದು, ವೈರಿಂಗ್‌ಗೆ ನೀರು ಹೊಕ್ಕಿದ್ದು ಪ್ರವಾಹದ ನೇರ ಹಾನಿ, ಅದಕ್ಕೆ ಹಣ ಕೊಡುತ್ತೇವೆ. ನೀರು ಹೊಕ್ಕ ಎಂಜಿನ್ ತಿರುಗಿ ಒಳಗಿನ ಭಾಗ ಮುರಿದರೆ ಅದು ಪ್ರವಾಹದ ಹಾನಿ ಅಲ್ಲ, ಎಂಜಿನ್ ತಿರುಗಿದ್ದರ ಪರಿಣಾಮ, ಅದಕ್ಕೆ ಕೊಡುವುದಿಲ್ಲ. ಈ ಖಾಲಿ ಜಾಗ ತುಂಬಲಿಕ್ಕೆಂದೇ ಎಂಜಿನ್ ಪ್ರೊಟೆಕ್ಷನ್ ಎಂಬ ಆ್ಯಡ್-ಆನ್ ಇರುವುದು. ಪಾಲಿಸಿ ತೆಗೆದುಕೊಳ್ಳುವಾಗ ಅಥವಾ ರಿನ್ಯೂ ಮಾಡುವಾಗ ಮಾತ್ರ ಇದನ್ನು ಸೇರಿಸಬಹುದು. ಜೂನ್‌ನಲ್ಲಿ ಮಳೆ ನೋಡಿ ನಡುವೆ ಸೇರಿಸಲು ಆಗುವುದಿಲ್ಲ. ಐದು ವರ್ಷ ದಾಟಿದ ಕಾರಿಗೆ ಬಹಳಷ್ಟು ಕಂಪನಿಗಳು ಕೊಡುವುದೂ ಇಲ್ಲ. ಬಿಡಿಭಾಗಗಳಿಗೆ ಸವಕಳಿ ಕಡಿತ ಮಾಡದ ಝೀರೋ ಡೆಪ್ ಆ್ಯಡ್-ಆನ್ ಇದ್ದರೆ ಇದೂ ಸೇರಿದೆ ಎಂದುಕೊಂಡವರು ತುಂಬಾ ಜನ. ಅವೆರಡೂ ಬೇರೆ ಬೇರೆ.

ಆ್ಯಡ್-ಆನ್ ಇದ್ದೂ ಕ್ಲೇಮ್ ಬೀಳುವುದು ಹೇಗೆ ಎಂದು ಹೇಳಬೇಕಾದರೆ ಎಂಜಿನ್ ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹೇಳಲೇಬೇಕು. ಎಂಜಿನ್ ಗಾಳಿ ಎಳೆಯುವ ಪೈಪಿನ ಬಾಯಿ ಸಾಮಾನ್ಯವಾಗಿ ಮುಂದಿನ ಗ್ರಿಲ್ ಹಿಂದೆ ಇರುತ್ತದೆ. ನೀರು ಅಲ್ಲಿಯ ತನಕ ಬಂದರೆ, ಅಥವಾ ಎದುರಿನಿಂದ ಬಂದ ಬಸ್ಸಿನ ಅಲೆ ಅಲ್ಲಿಗೆ ಹೊಡೆದರೆ, ಗಾಳಿಯ ಜೊತೆ ನೀರೂ ಏರ್ ಫಿಲ್ಟರ್ ದಾಟಿ ಸಿಲಿಂಡರಿಗೆ ಇಳಿಯುತ್ತದೆ. ಗಾಳಿಯನ್ನು ಒತ್ತಿ ಚಿಕ್ಕದು ಮಾಡಬಹುದು, ನೀರನ್ನು ಆಗುವುದಿಲ್ಲ. 1,200 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್‌ನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಒಂದು ಸಿಲಿಂಡರಿನಲ್ಲಿ ಉಳಿಯುವ ಜಾಗ ಸುಮಾರು 30 ಮಿಲಿ. ಅಂದರೆ ಎರಡು ದೊಡ್ಡ ಚಮಚದಷ್ಟು. ಡೀಸೆಲ್‌ನಲ್ಲಿ ಇನ್ನೂ ಕಡಿಮೆ. ಅದಕ್ಕಿಂತ ಜಾಸ್ತಿ ನೀರು ಒಳಗಿದ್ದರೆ ಪಿಸ್ಟನ್ ಮೇಲೆ ಹೋಗಲಾರದೆ ಅಲ್ಲೇ ತಡೆದು ನಿಲ್ಲುತ್ತದೆ. ಇದನ್ನೇ ಹೈಡ್ರೋಲಾಕ್ ಎನ್ನುವುದು. ಆಗಲೂ ಎಂಜಿನ್ನಿಗೆ ತಿರುಗುವ ಬಲ ಇದ್ದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮುರಿದು ಬ್ಲಾಕನ್ನೇ ತೂತು ಮಾಡಿದ್ದೂ ಉಂಟು.

ಒಂದೇ ಸಂಜೆ ಕೊಟ್ಟಾರ ಚೌಕಿಯಿಂದ ನಮ್ಮಲ್ಲಿಗೆ ಬಂದ ಎರಡು ಕಾರುಗಳ ಕತೆ ಹೇಳುತ್ತೇನೆ. ಎರಡೂ ಒಂದೇ ಮಾಡೆಲ್, ಎರಡಕ್ಕೂ ಎಂಜಿನ್ ಪ್ರೊಟೆಕ್ಷನ್ ಇತ್ತು.

ಮೊದಲನೆಯದು ಬ್ಯಾಂಕ್ ಉದ್ಯೋಗಿಯೊಬ್ಬರದ್ದು. ನೀರಿನ ನಡುವೆ ನಿಧಾನಕ್ಕೆ ಹೋಗುತ್ತಿದ್ದಾಗ ಕಾರು ಆಫ್ ಆಯಿತು. ಅಲ್ಲಿದ್ದ ಹುಡುಗರು ಪಾಪ, ತಳ್ಳಿ ಬದಿಗೆ ತಂದರು. "ಒಮ್ಮೆ ಸ್ಟಾರ್ಟ್ ಮಾಡಿ ನೋಡಿ ಮಾರಾಯ್ರೆ" ಎಂದರು. ಇವರು ಕೀ ತಿರುಗಿಸಿದರು. ಟಕ್ ಎಂದು ನಿಂತಿತು. ಇನ್ನೊಮ್ಮೆಯೂ ಹಾಗೇ. ಮೂರನೇ ಸಲ ಎಂಜಿನ್ ಒಂದು ಕ್ಷಣ ಸ್ಟಾರ್ಟ್ ಆಗಿ, ನಡುಗಿ, ಕಟಕಟ ಸದ್ದು ಮಾಡಿ ನಿಂತುಹೋಯಿತು. ಬಿಚ್ಚಿದಾಗ ಎರಡು ರಾಡ್ ಬಾಗಿದ್ದವು. ಎಲ್ಲ ಸೇರಿ ಬಿಲ್ಲು ₹1,38,000. ಕ್ಲೇಮ್ ಫಾರಂನಲ್ಲಿ ಅವರು ಪ್ರಾಮಾಣಿಕವಾಗಿ ಬರೆದಿದ್ದರು: ಕಾರು ನಿಂತಿತು, ಮೂರು ಸಲ ಸ್ಟಾರ್ಟ್ ಮಾಡಿದೆ, ಆಗಲಿಲ್ಲ. ಅವರ ಆ್ಯಡ್-ಆನ್‌ನ ಷರತ್ತಿನಲ್ಲಿ, ನೀರು ಹೊಕ್ಕ ಮೇಲೆ ಎಂಜಿನ್ ಸ್ಟಾರ್ಟ್ ಮಾಡಲು ಹೋಗಿ ಹೆಚ್ಚಾದ ಹಾನಿಗೆ ಹಣ ಇಲ್ಲ ಎಂದಿತ್ತು. ಕಾರ್ಪೆಟ್, ಸೀಟಿನ ಕ್ಲೀನಿಂಗ್ ಮತ್ತು ವೈರಿಂಗ್ ಕನೆಕ್ಟರ್‌ಗಳ ₹21,000ದಲ್ಲಿ ಕಡ್ಡಾಯ ಕಡಿತ ₹1,000 ಕಳೆದು ₹20,000 ಬಂತು. ಉಳಿದ ₹1,18,000 ಅವರ ಕೈಯಿಂದ ಹೋಯಿತು.

ಎರಡನೆಯ ಕಾರು ನಡೆಸುತ್ತಿದ್ದವರು ಕಾಲೇಜು ಉಪನ್ಯಾಸಕಿ. ಕಾರು ನಿಂತ ಕೂಡಲೇ ಕೀ ತೆಗೆದು ಚೀಲಕ್ಕೆ ಹಾಕಿಕೊಂಡರು. ಬಂಪರ್ ಮೇಲಿನ ನೀರು, ಹಿಂದಿನ ಅಂಗಡಿಯ ಬೋರ್ಡು ಎರಡೂ ಕಾಣುವ ಹಾಗೆ ಫೋಟೋ ತೆಗೆದರು. ನಿಂತ ಜಾಗದಿಂದಲೇ ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತೆಗೆದುಕೊಂಡರು. ಕಾರು ಫ್ಲ್ಯಾಟ್‌ಬೆಡ್ ಗಾಡಿಯ ಮೇಲೆ ಬಂತು. ಹಾನಿ ನೋಡಲು ಕಂಪನಿ ಕಳಿಸಿದ ಸರ್ವೇಯರ್ ಎದುರಿಗೇ ನಮ್ಮ ಮೆಕ್ಯಾನಿಕ್ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ ತಿರುಗಿಸಿದ. ಎರಡು ತೂತುಗಳಿಂದ ನೀರು ಚಿಮ್ಮಿತು. ರಾಡ್‌ಗಳು ನೆಟ್ಟಗಿದ್ದವು. ಆಯಿಲ್ ಎರಡು ಸಲ ಬದಲಿಸಿ, ಹೊಸ ಫಿಲ್ಟರ್ ಹಾಕಿ, ಒಳಗೆಲ್ಲ ಒಣಗಿಸಿ ಕೊಟ್ಟೆವು. ಎಲ್ಲ ಸೇರಿ ₹14,000 ಒಳಗೆ ಮುಗಿಯಿತು. ಆಯಿಲ್ ದುಡ್ಡು ಬಿಟ್ಟು ಹೆಚ್ಚುಕಡಿಮೆ ಪೂರ್ತಿ ಪಾಸಾಯಿತು.

ಕಂಪನಿಯ ಈ ಷರತ್ತಿಗೆ ಒಂದು ಆಧಾರ ಇದೆ ಎಂದು ನಾನೂ ಒಪ್ಪುತ್ತೇನೆ. ಕೆಟ್ಟ ವಾಹನವನ್ನು ರಿಪೇರಿಗೆ ಮೊದಲೇ ಓಡಿಸಿದರೆ ಹೆಚ್ಚಾಗುವ ಹಾನಿ ಮಾಲೀಕನ ಹೊಣೆ ಎಂಬ ಮಾತು ಮೂಲ ಪಾಲಿಸಿಯಲ್ಲೇ ಇದೆ. ನನ್ನ ತಕರಾರು ಬೇರೆ. ಮಾರುವಾಗ "ಸರ್, ಎಂಜಿನ್‌ಗೆ ಏನೇ ಆದರೂ ಕವರ್ ಆಗುತ್ತದೆ" ಎನ್ನುತ್ತಾರೆ. ಕೀ ಮುಟ್ಟಬಾರದು ಎಂಬ ಒಂದು ಮಾತು ಯಾರೂ ಹೇಳುವುದಿಲ್ಲ. ನೀರಲ್ಲಿ ಕಾರು ನಿಂತಾಗ, ಹಿಂದೆ ಹಾರ್ನ್ ಹೊಡೆಯುವಾಗ, ಇನ್ನೊಮ್ಮೆ ಸ್ಟಾರ್ಟ್ ಮಾಡುವುದು ಯಾರಿಗಾದರೂ ಸಹಜ ಅಲ್ವಾ? ಅದೇ ಕೆಲಸಕ್ಕೆ ಕ್ಲೇಮ್ ಹೋಗುತ್ತದೆ ಎಂದಾದರೆ, ಅದನ್ನು ಮೂವತ್ತು ಪುಟದ ಪಿಡಿಎಫ್‌ನಲ್ಲಿ ಹುಗಿದಿಡುವುದು ನ್ಯಾಯವಲ್ಲ. ಪ್ರೀಮಿಯಂ ಬಾಕಿಯ ಮೆಸೇಜ್ ದಿನಾ ಕಳಿಸುವ ಕಂಪನಿಗಳು ಕರಾವಳಿಯ ಗ್ರಾಹಕರಿಗೆ ಮೇ ತಿಂಗಳಲ್ಲಿ ಇದನ್ನೂ ಒಂದು ಸಾಲಿನಲ್ಲಿ ಕನ್ನಡದಲ್ಲಿ ಕಳಿಸಲಿ.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ರಾಡ್ ಬಾಗಿದ್ದು ಕಂಡರೆ ಸಾಕು, "ನೀವು ಸ್ಟಾರ್ಟ್ ಮಾಡಿದ್ದೀರಿ" ಎಂದು ಬರೆಯುವ ಸರ್ವೇಯರ್‌ಗಳಿದ್ದಾರೆ. ಇದು ಸರಿಯಲ್ಲ. ಕೀ ಮುಟ್ಟದೆಯೂ ರಾಡ್ ಬಾಗುತ್ತದೆ. ಓಡುತ್ತಿರುವ ಎಂಜಿನ್ ಒಮ್ಮೆಲೇ ನೀರು ಎಳೆದುಕೊಂಡರೆ, ಉಳಿದ ಸಿಲಿಂಡರುಗಳ ಬಲ ಮತ್ತು ಫ್ಲೈವೀಲ್‌ನ ವೇಗವೇ ಆ ರಾಡನ್ನು ಬಗ್ಗಿಸಲು ಬೇಕಾದಷ್ಟಾಯಿತು. ಹೇಳಬೇಕೆಂದರೆ ಬರೀ ಸ್ಟಾರ್ಟರ್ ಮೋಟರಿಗೆ ಅಷ್ಟು ಬಲ ಇರುವುದು ಕಡಿಮೆ. ಹೆಚ್ಚಿನ ಸಲ ಅದು ಟಕ್ ಎಂದು ನಿಲ್ಲುತ್ತದೆ, ಎಂಜಿನ್ ಸ್ಟಾರ್ಟ್ ಆಗಿಬಿಟ್ಟರೆ ಮಾತ್ರ ರಾಡ್ ಹೋಗುತ್ತದೆ. ಹಾಗಾಗಿ ಬಾಗಿದ ರಾಡ್ ಒಂದನ್ನೇ ನೋಡಿ ತಪ್ಪು ಯಾರದ್ದು ಎಂದು ಹೇಳಲು ಬರುವುದಿಲ್ಲ. ಕಾರು ಹೇಗೆ ನಿಂತಿತು ಎಂದು ಕೇಳಬೇಕು. ಡಬ್ ಎಂದು ಒಂದೇ ಏಟಿಗೆ ನಿಂತಿತೋ, ಮುಗ್ಗರಿಸುತ್ತಾ ನಿಂತಿತೋ? ಎಷ್ಟು ವೇಗದಲ್ಲಿತ್ತು? ಇದನ್ನು ಕೇಳದೆ ಬರೆದ ವರದಿಯನ್ನು ಗ್ರಾಹಕ ಪ್ರಶ್ನಿಸಬಹುದು, ಪ್ರಶ್ನಿಸಬೇಕು.

ಓದುಗರಲ್ಲಿ ನನ್ನ ವಿನಂತಿ ಇಷ್ಟು. ನೀರಲ್ಲಿ ಕಾರು ನಿಂತರೆ ಇಗ್ನಿಷನ್ ಪೂರ್ತಿ ಆಫ್ ಮಾಡಿ. ಕೆಲವು ಹೊಸ ಕಾರುಗಳಲ್ಲಿ ಕ್ಲಚ್ ಒತ್ತಿದರೆ ಎಂಜಿನ್ ತಾನಾಗಿ ಸ್ಟಾರ್ಟ್ ಆಗುವ ವ್ಯವಸ್ಥೆ ಇದೆ. ಹಾಗಾಗಿ ಆಫ್ ಮಾಡುವ ಮೊದಲು ಕ್ಲಚ್ ಒತ್ತಬೇಡಿ. ಮ್ಯಾನುಯಲ್ ಗೇರಿನ ಕಾರು ತಳ್ಳುವುದಿದ್ದರೆ ನ್ಯೂಟ್ರಲ್‌ನಲ್ಲಿ ತಳ್ಳಿ. ಗೇರಿಗೆ ಹಾಕಿ ತಳ್ಳಿ ಸ್ಟಾರ್ಟ್ ಮಾಡುವುದೂ, ಗೇರಿನಲ್ಲಿಟ್ಟು ಹಗ್ಗ ಕಟ್ಟಿ ಎಳೆಯುವುದೂ ಕೀ ತಿರುಗಿಸಿದ ಹಾಗೆಯೇ, ಎಂಜಿನ್ ತಿರುಗುತ್ತದೆ. ಫೋಟೋ ತಪ್ಪಿಸಬೇಡಿ. ಕಾರು ನೀರು ನಿಂತ ಜಾಗದಲ್ಲಿತ್ತು ಎಂಬುದಕ್ಕೆ ಸಾಕ್ಷಿ ಇದ್ದರೆ ಮಾತ್ರ ಹಣ ಎಂಬ ಷರತ್ತು ಕೆಲವು ಆ್ಯಡ್-ಆನ್‌ಗಳಲ್ಲಿ ಇದೆ. ಒಂದೆರಡು ಗಂಟೆಯಲ್ಲಿ ನೀರು ಇಳಿದ ಮೇಲೆ ಆ ಸಾಕ್ಷಿ ಎಲ್ಲಿಂದ ತರುವುದು? ಸರ್ವೇಯರ್ ಬರುವ ಮೊದಲು ಎಂಜಿನ್ ಬಿಚ್ಚಲು ಬಿಡಬೇಡಿ. ಆದರೆ ವಾರಗಟ್ಟಲೆ ಕಾಯುವ ಹಾಗೂ ಇಲ್ಲ, ಸಿಲಿಂಡರಿನೊಳಗೆ ನೀರು ನಿಂತರೆ ತುಕ್ಕು ಹಿಡಿದು ರಿಂಗುಗಳು ಕಚ್ಚಿಕೊಳ್ಳುತ್ತವೆ. ಬೇಗ ಬನ್ನಿ ಎಂದು ಅದೇ ದಿನ ಇಮೇಲ್ ಹಾಕಿ. ಮುಂದೆ ತಡವಾದದ್ದು ಯಾರಿಂದ ಎಂಬ ಪ್ರಶ್ನೆ ಬಂದರೆ ಆ ಇಮೇಲ್ ಕೆಲಸಕ್ಕೆ ಬರುತ್ತದೆ. ಫಾರಂನಲ್ಲಿ ಸುಳ್ಳು ಬರೆಯಬೇಡಿ, ಬರೆದರೆ ಇರುವ ಕ್ಲೇಮೂ ಹೋಗುತ್ತದೆ. ಕೀ ಮುಟ್ಟಿಲ್ಲ ಎಂದಾದರೆ ಅದನ್ನು ಮಾತ್ರ ಸ್ಪಷ್ಟವಾಗಿ ಬರೆಯಿರಿ. ಬಹಳ ಜನ ಅದನ್ನೇ ಬಿಟ್ಟಿರುತ್ತಾರೆ.

ತಿರಸ್ಕಾರ ಆದರೆ ಫೋನಿನ ಮಾತಿಗೆ ಒಪ್ಪಬೇಡಿ. ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ಕೇಳಿ, ಸರ್ವೇ ವರದಿಯ ಪ್ರತಿಯನ್ನೂ ಕೇಳಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಬರೆಯಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ಕೀ ಮುಟ್ಟದೆ ರಾಡ್ ಹೋದವರು ಫೋಟೋ, ಫೋನ್ ಮಾಡಿದ ಸಮಯ, ಟೋ ರಶೀದಿ ಜೋಡಿಸಿ ಖಂಡಿತ ಬರೆಯಿರಿ.

ಇತಿ ನಿಮ್ಮ ಓದುಗ,
ಕಾರು ವರ್ಕ್‌ಶಾಪ್ ಉದ್ಯೋಗಿ, ಬಿಜೈ, ಮಂಗಳೂರು