ಐವತ್ತನೇ ವರ್ಷಕ್ಕೆ ಎಂಟು ನಿಮಿಷದ ವಿಡಿಯೋ

ಪ್ರಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. ಅಪ್ಪ ಅಮ್ಮನ ಮದುವೆಯ ನಲವತ್ತನೇ ವರ್ಷಕ್ಕೆ ಫೋಟೋ ವಿಡಿಯೋ ಮಾಡ್ಬೇಕು, "ಒಂದು ಸಂಜೆ ಕೂತ್ರೆ ಆಗುತ್ತಲ್ವಾ?" ಅಂತ ಕೇಳಿದ್ದೀಯಲ್ಲ, ಓದಿ ನಗು ಬಂತು. ಹೋದ ವರ್ಷ ನಮ್ಮ ಅಪ್ಪ ಅಮ್ಮನ ಐವತ್ತನೇ ವರ್ಷಕ್ಕೆ ನಾನೂ ಹೀಗೇ ಒಂದು ಸಂಜೆ ಅಂತ ಕೂತವನು, ಎದ್ದದ್ದು ಹದಿನೇಳು ದಿನ ಕಳೆದ ಮೇಲೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಳಸಿದ್ದು ಶಾಟ್‌ಕಟ್ ಅನ್ನೋ ಸಾಫ್ಟ್‌ವೇರ್. ದುಡ್ಡು ಕೊಡಬೇಕಿಲ್ಲ, ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತೆ. ಹಾಡು ಎರಡು ಆರಿಸಿದ್ದೆ. ಒಂದು 4 ನಿಮಿಷ 30 ಸೆಕೆಂಡು, ಇನ್ನೊಂದು 3 ನಿಮಿಷ 54 ಸೆಕೆಂಡು. ಒಟ್ಟು 504 ಸೆಕೆಂಡು. ಫೋಟೋ 84 ಇತ್ತು. ಒಂದೊಂದಕ್ಕೆ ಆರು ಸೆಕೆಂಡು ಕೊಟ್ಟರೆ 84 ಆರಲೆ 504! ದೇವರೇ ಲೆಕ್ಕ ಹಾಕಿ ಕೊಟ್ಟ ಹಾಗಿತ್ತು. ಎಲ್ಲಾ ಜೋಡಿಸಿ, ಒಂದು ಫೋಟೋ ಕರಗಿ ಇನ್ನೊಂದು ಬರೋ ಹಾಗೆ ಒಂದು ಸೆಕೆಂಡಿನ ಟ್ರಾನ್ಸಿಷನ್ ಹಾಕಿ, ಅಮ್ಮನಿಗೆ ಗೊತ್ತಾಗದ ಹಾಗೆ ರಾತ್ರಿ ಕೂತು ನೋಡಿದೆ. ಎರಡನೇ ಹಾಡಿನ ಕೊನೇ ಚರಣ ಶುರುವಾಗೋ ಹೊತ್ತಿಗೆ ಫೋಟೋ ಖಾಲಿ. ಕಪ್ಪು ಪರದೆ ಮೇಲೆ 83 ಸೆಕೆಂಡು ಹಾಡು ಮಾತ್ರ.

ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಟ್ರಾನ್ಸಿಷನ್ ಅಂದ್ರೆ ಎರಡು ಫೋಟೋ ಒಂದರ ಮೇಲೊಂದು ಕೂರುವುದು. ಮೊದಲನೇದರ ಕೊನೇ ಸೆಕೆಂಡು, ಎರಡನೇದರ ಮೊದಲ ಸೆಕೆಂಡು ಎರಡೂ ಒಂದೇ ಹೊತ್ತು. ಹೆಂಚು ಹೊದಿಸುವಾಗ ಒಂದರ ಅಂಚು ಇನ್ನೊಂದರ ಮೇಲೆ ಬರುತ್ತಲ್ಲ, ಹಾಗೆ. ಹೆಂಚು ಎಣಿಸಿ ಅಳತೆ ಗುಣಿಸಿದರೆ ಮಾಡು ಮುಚ್ಚಲ್ಲ. 84 ಫೋಟೋ ನಡುವೆ 83 ಕಡೆ ಹೀಗೆ ಒಂದೊಂದು ಸೆಕೆಂಡು ನುಂಗಿಹೋಗಿತ್ತು. ಹಾಗಾಗಿ ಲೆಕ್ಕ ಹೀಗೆ ಹಾಕು: ಫೋಟೋ ಎಷ್ಟೋ ಅಷ್ಟನ್ನು ಸೆಕೆಂಡಿನಿಂದ ಗುಣಿಸು, ಅದರಿಂದ ಟ್ರಾನ್ಸಿಷನ್‌ಗಳ ಒಟ್ಟು ಹೊತ್ತು ಕಳೆ. ನಾನು ಆರರ ಬದಲು ಏಳು ಕೊಟ್ಟೆ. 588ರಲ್ಲಿ 83 ಕಳೆದರೆ 505. ಒಂದೇ ಸೆಕೆಂಡು ಜಾಸ್ತಿ.

ಲೆಕ್ಕ ಕೂತಿತು, ಆದರೆ ವಿಡಿಯೋ ಕೂರಲಿಲ್ಲ. ಎರಡು ಸಲ ನೋಡುವಷ್ಟರಲ್ಲಿ ನನಗೇ ಆಕಳಿಕೆ. ಆರಾರು ಸೆಕೆಂಡಿಗೆ ಗಡಿಯಾರದ ಹಾಗೆ ಫೋಟೋ ಬದಲಾಗುತ್ತಿತ್ತು, ಹಾಡು ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಆಗ ನಮ್ಮೂರ ತಬಲಾ ಮೇಷ್ಟ್ರು ಹೇಳಿದ ಉಪಾಯ ಕೇಳು. "ಸೆಕೆಂಡು ಬಿಡು, ಆವರ್ತ ಎಣಿಸು" ಅಂದರು. ಮೊದಲ ಹಾಡು ದಾದ್ರಾ ತಾಳ, ಆರು ಮಾತ್ರೆಗೆ ಒಂದು ಸುತ್ತು, ಅದೇ ಒಂದು ಆವರ್ತ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಹತ್ತು ಆವರ್ತ ಅಳೆದೆ, 28 ಸೆಕೆಂಡು. ಅಂದರೆ ಒಂದಕ್ಕೆ 2.8. ಸಾಮಾನ್ಯ ಫೋಟೋಗೆ ಎರಡು ಆವರ್ತ, 5.6 ಸೆಕೆಂಡು. ಜನ ಜಾಸ್ತಿ ಇದ್ದರೆ ಮೂರು, 8.4. ಬರೀ ಒಂದು ಮುಖ ಇದ್ದರೆ, ಹಾಡಿನ ನಡುವಿನ ಬಿಜಿಎಂನಲ್ಲಿ, ಒಂದೇ ಆವರ್ತಕ್ಕೂ ಸಾಕು. ಫೋಟೋ ಬದಲಾಗೋದು ಮಾತ್ರ ಸಮದ ಮೇಲೇ, ಮೊದಲ ಪೆಟ್ಟಿನ ಮೇಲೇ ಇರಬೇಕು.

ಆದರೆ ಈ 2.8 ಅನ್ನೇ ನಂಬಿ ಹಾಡಿನ ಕೊನೇವರೆಗೂ ಗುಣಿಸುತ್ತಾ ಹೋಗಬೇಡ. ಹಳೇ ಹಾಡುಗಳನ್ನು ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿದ್ದು, ಲಯ ಒಂದು ಕೂದಲೆಳೆ ಆಚೀಚೆ ಆಗುತ್ತೆ. ನನ್ನದರಲ್ಲಿ ಎರಡನೇ ಚರಣದ ಹೊತ್ತಿಗೆ ಫೋಟೋ ಅರ್ಧ ಮಾತ್ರೆ ಹಿಂದೆ ಬಿದ್ದಿತ್ತು. ಕಣ್ಣಿಗೆ ಏನೋ ತಪ್ಪು ಅನ್ನಿಸುತ್ತೆ, ಏನು ಅಂತ ಹೇಳೋಕೆ ಬರಲ್ಲ, ಅಂಥ ತಪ್ಪು. ಅದಕ್ಕೆ ಹಾಡನ್ನು ಟೈಮ್‌ಲೈನಿನಲ್ಲಿ ಇಟ್ಟು, ಓಡಲು ಬಿಟ್ಟು, ಸಮ ಬಂದಾಗೆಲ್ಲ `M` ಒತ್ತುತ್ತಾ ಹೋಗು. ಅಲ್ಲಲ್ಲೇ ಮಾರ್ಕರ್ ಬೀಳುತ್ತೆ. ಆಮೇಲೆ ಫೋಟೋಗಳ ಅಂಚನ್ನು ಎಳೆದು ಮಾರ್ಕರ್‌ಗೆ ತಂದು ನಿಲ್ಲಿಸು. ಕಣ್ಣಿಗೆ ಫೋಟೋ ಬದಲಾಯಿತು ಅನ್ನಿಸುವುದು ಟ್ರಾನ್ಸಿಷನ್ ನಡುವಿನಲ್ಲಿ. ಹಾಗಾಗಿ ಒಂದು ಸೆಕೆಂಡಿನದಾದರೆ ಸಮಕ್ಕಿಂತ ಅರ್ಧ ಸೆಕೆಂಡು ಮೊದಲೇ ಶುರುವಾಗಲಿ. ಇದೊಂದು ತಿದ್ದಿದ ಮೇಲೆ ಅದೇ ಫೋಟೋಗಳು, ಅದೇ ಹಾಡು, ಬೇರೆಯೇ ವಿಡಿಯೋ ಆಯಿತು ಮಾರಾಯ.

ಹಾಡು ಆರಿಸುವಾಗ ಇನ್ನೊಂದು. ರಾಗ ಚೆನ್ನಾಗಿದೆ ಅಂತ ಹಾಕಿಬಿಡಬೇಡ, ಕೊನೇ ಚರಣದವರೆಗೂ ಸಾಹಿತ್ಯ ಕೇಳು. ನಾನು ಮೊದಲು ಹಾಕಿದ್ದ ಹಾಡಿನಲ್ಲಿ ಮೂರನೇ ಚರಣಕ್ಕೆ ನಾಯಕ ಬಿಟ್ಟುಹೋಗುತ್ತಾನೆ! ಅಪ್ಪ ಕೂತು ಕೇಳೋದು ಅದನ್ನಾ?

ಇನ್ನು ಯಾವ ಫೋಟೋಗೆ ಎಷ್ಟು ಹೊತ್ತು ಅನ್ನೋದು. ಇದನ್ನು ನಾನು ಕಲಿತದ್ದು ಅಮ್ಮನಿಂದ, ಅವಳಿಗೆ ಗೊತ್ತಿಲ್ಲದೆ. ನಮ್ಮ ಅಜ್ಜನ ಮನೆಯ ಜಗಲಿ ಮೆಟ್ಟಿಲ ಮೇಲೆ ತೆಗೆಸಿದ ಮದುವೆ ಗುಂಪಿನ ಫೋಟೋ ಒಂದಿದೆ, 1975ರದು, 37 ಜನ. ಅದನ್ನು ಸುಮ್ನೆ ಅಮ್ಮನ ಮುಂದೆ ಹಿಡಿದೆ. ಅವಳು ಮೊದಲು ತನ್ನನ್ನು ನೋಡಿಕೊಳ್ಳಲಿಲ್ಲ. ಎಡತುದಿಯಿಂದ ಶುರು ಮಾಡಿ "ಇದು ದೊಡ್ಡತ್ತೆ, ಇದು ಅವಳ ಮಗ, ಇವನು ಅಳ್ತಾ ಇದ್ದ, ಪೆಪ್ಪರ್‌ಮಿಂಟ್ ಕೊಟ್ಟು ನಿಲ್ಲಿಸಿದ್ರು" ಅಂತ ಬೆರಳು ಸರಿಸುತ್ತಾ ಹೋದಳು. ಬಲತುದಿ ಮುಟ್ಟುವಾಗ ಅರ್ಧ ನಿಮಿಷದ ಮೇಲಾಗಿತ್ತು. ನಾನು ಅದಕ್ಕೆ ಇಟ್ಟಿದ್ದದ್ದು ಏಳು ಸೆಕೆಂಡು. ಸಮಾರಂಭಕ್ಕೆ ಬಂದವರೆಲ್ಲ ಹೀಗೇ ನೋಡೋದು. ಪ್ರತಿಯೊಬ್ಬರೂ ತಮ್ಮನ್ನು ಹುಡುಕುತ್ತಾರೆ, ಆಮೇಲೆ ಈಗಿಲ್ಲದವರನ್ನು.

ಅದಕ್ಕೆ ಆ ಫೋಟೋವನ್ನು ಪೂರ್ತಿ ಒಂದು ಸಲ ಎರಡು ಆವರ್ತ ತೋರಿಸಿ, ಆಮೇಲೆ ಹತ್ತಿರಕ್ಕೆ ತಂದು, ಎಡದಿಂದ ಬಲಕ್ಕೆ ಅಮ್ಮನ ಬೆರಳು ಹೋದ ಹಾಗೆ ನಿಧಾನಕ್ಕೆ ಸರಿಸಿದೆ. ಒಟ್ಟು 22 ಸೆಕೆಂಡು. ಹಾಡು ನಡೆಯುವಷ್ಟು ಹೊತ್ತಿನಲ್ಲಿ ಅತಿ ಉದ್ದದ್ದು ಅದೇ. ಇಂಥದ್ದಕ್ಕೆಲ್ಲ ಜಾಗ ಬೇಕಾಗಿ 84 ಇದ್ದ ಫೋಟೋ 66ಕ್ಕೆ ಇಳಿಯಿತು. ನನ್ನ ಕಾಲೇಜು ಕನ್ವೊಕೇಷನ್ ಫೋಟೋನೂ ಹೋಯಿತು, ಬಿಡು. ಗುಂಪಿನ ಫೋಟೋ ಇಲ್ಲದ ಕಡೆ ಈ ಸರಿಸಾಟ ಬೇಡ. ಪ್ರತಿ ಫೋಟೋನೂ ಮುಂದೆ ಬಂದು ಹಿಂದೆ ಹೋಗುತ್ತಿದ್ದರೆ ಘಾಟಿ ಬಸ್ಸಿನಲ್ಲಿ ಕೂತ ಹಾಗಾಗುತ್ತೆ.

ಹೀಗೆ ಹತ್ತಿರಕ್ಕೆ ತರಬೇಕಾದರೆ ಸ್ಕ್ಯಾನ್ ಮಾಡುವಾಗಲೇ ಯೋಚಿಸಿರಬೇಕು. ಆ ಫೋಟೋ ಎಂಟು ಇಂಚು ಅಗಲ. ಮೊದಲು 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕಕ್ಕೆ ಸ್ಕ್ಯಾನ್ ಮಾಡಿದ್ದೆ, ಅಗಲಕ್ಕೆ 2400 ಪಿಕ್ಸೆಲ್ ಬಂತು. ವಿಡಿಯೋದ ಅಗಲ 1920. ಪೂರ್ತಿ ಫೋಟೋ ತೋರಿಸೋಕೆ ಅದು ಸಾಕು. ಆದರೆ ಅರ್ಧ ಭಾಗವನ್ನು ಪರದೆ ತುಂಬಾ ತಂದರೆ ಇರೋದು 1200 ಮಾತ್ರ, ಮುಖಗಳೆಲ್ಲ ಹಬೆ ಹಿಡಿದ ಕನ್ನಡಿಯಲ್ಲಿ ಕಂಡ ಹಾಗೆ. 600ಕ್ಕೆ ಮತ್ತೆ ಮಾಡಿದ ಮೇಲೆ ಸರಿಹೋಯಿತು. ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲ್ ಆಗುತ್ತೆ. ಫ್ಲ್ಯಾಶ್ ಹಾಕಬೇಡ. ಕಿಟಕಿ ಪಕ್ಕ, ಬಿಸಿಲು ನೇರ ಬೀಳದ ಕಡೆ ಫೋಟೋ ಮಲಗಿಸಿ, ಮೇಲಿನಿಂದ ನೆಟ್ಟಗೆ ತೆಗಿ. ನಮ್ಮ ಹಳೇ ಆಲ್ಬಮ್ ಕಪ್ಪು ಹಾಳೆಯದು, ಮೂಲೆಗಳಿಗೆ ಪುಟ್ಟ ತ್ರಿಕೋನ ಸಿಕ್ಕಿಸಿದ್ದು, ಸುಲಭಕ್ಕೆ ಬಿಟ್ಟವು. ಪ್ಲಾಸ್ಟಿಕ್ ಹಾಳೆಯ ಅಂಟಿನ ಆಲ್ಬಮ್ ಇದೆಯಲ್ಲ, ಅದರಿಂದ ಕೀಳೋಕೆ ಹೋಗಬೇಡ, ಹರಿಯುತ್ತೆ. ಪ್ಲಾಸ್ಟಿಕ್ ಮಾತ್ರ ಎತ್ತಿ ಅಲ್ಲೇ ತೆಗಿ. ತಮಾಷೆ ಅಂದ್ರೆ 1975ರ ಕಪ್ಪು ಬಿಳುಪು ಇನ್ನೂ ಗಟ್ಟಿಯಾಗಿದೆ, ಎಂಬತ್ತರ ದಶಕದ ಕಲರ್ ಫೋಟೋಗಳೇ ಕುಂಕುಮ ಚೆಲ್ಲಿದ ಹಾಗೆ ಕೆಂಪಗಾಗಿವೆ. ಆ ಕಾಗದದಲ್ಲಿ ನೀಲಿಹಸಿರು ಬಣ್ಣ ಮೊದಲು ಮಾಸುವುದರಿಂದ ಹಾಗೆ. ಸ್ವಲ್ಪ ಕೆಂಪು ಇಳಿಸು, ಪೂರ್ತಿ ತೊಳೆಯಬೇಡ. ಮತ್ತೆ, ತಂಗಿ ಹತ್ರ ಇರೋ ಫೋಟೋನ ವಾಟ್ಸ್ಯಾಪಿನಲ್ಲಿ ತರಿಸುವಾಗ ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳು, ಇಲ್ಲದಿದ್ದರೆ ಕುಗ್ಗಿ ಬರುತ್ತೆ.

ಫೈಲಿಗೆ ಹೆಸರಿಡುವಾಗ ವರ್ಷ ಮೊದಲು ಬರಲಿ, `1975_maduve_03.jpg` ಅನ್ನೋ ಹಾಗೆ. ಆಗ ತಾವಾಗೇ ಸಾಲಾಗಿ ನಿಲ್ಲುತ್ತವೆ. ವರ್ಷ ಗೊತ್ತಿಲ್ಲದಿದ್ದರೆ ಫೋಟೋ ತಿರುಗಿಸಿ ನೋಡು, ಸ್ಟುಡಿಯೋ ಸೀಲೋ ಪೆನ್ಸಿಲ್ ಬರಹವೋ ಇರುತ್ತೆ. ಅದೂ ಇಲ್ಲದಿದ್ದರೆ ಅಮ್ಮಂದಿರನ್ನೇ ಕೇಳಬೇಕು. "ಈ ಸೀರೆ ನಿನ್ನ ಚೌಲಕ್ಕೆ ತಗೊಂಡಿದ್ದು" ಅಂದರೆ ಮುಗೀತು, ವರ್ಷ ಸಿಕ್ಕಿತು.

ಇನ್ನು ಛತ್ರದ ಕಥೆ. ಹಿಂದಿನ ದಿನವೇ ಹೋಗಿ ಹಾಕಿ ನೋಡಿದ್ದು ನನ್ನ ಪುಣ್ಯ. ಚಿತ್ರ ಬಂತು, ಹಾಡು ಮಾತ್ರ ಛತ್ರದ ಸ್ಪೀಕರಿನಲ್ಲಿ ಇಲ್ಲ. ಎಲ್ಲೋ ನೊಣ ಗುಂಯ್‌ಗುಟ್ಟಿದ ಹಾಗೆ ಸದ್ದು. ನೋಡಿದರೆ ಪ್ರೊಜೆಕ್ಟರ್ ಒಳಗಿನ ಪುಟಾಣಿ ಸ್ಪೀಕರಿನಿಂದ! ಎಚ್‌ಡಿಎಂಐ ವೈರಿನಲ್ಲಿ ಚಿತ್ರದ ಜೊತೆ ಧ್ವನಿಯೂ ಅಲ್ಲಿಗೇ ಹೋಗಿಬಿಡುತ್ತೆ. ಲ್ಯಾಪ್‌ಟಾಪಿನ ಸೌಂಡ್ ಸೆಟ್ಟಿಂಗಿನಲ್ಲಿ ಹೆಡ್‌ಫೋನ್ ಆರಿಸಿ, ಆ ತೂತಿನಿಂದ ಮಿಕ್ಸರಿಗೆ ಬೇರೆ ವೈರು ಎಳೆಯಬೇಕು. ಎಳೆದೆವು. ಆಗ ವಾದ್ಯ ಕೇಳಿಸುತ್ತೆ, ಹಾಡುವವರ ಧ್ವನಿ ಎಲ್ಲೋ ಬಾವಿಯೊಳಗಿನಿಂದ ಬಂದ ಹಾಗೆ. ಸೌಂಡಿನ ಹುಡುಗ ಎರಡು ಪಿನ್ನಿನಲ್ಲಿ ಒಂದನ್ನು ಮಾತ್ರ ಚುಚ್ಚಿದ್ದ, ಹಾಡಿನ ಒಂದು ಪಕ್ಕ ಮಾತ್ರ ಬರುತ್ತಿತ್ತು. ನೀನು ಆ ವೈರನ್ನು ಮನೆಯಿಂದಲೇ ತಗೊಂಡು ಹೋಗು, ಎರಡೂ ಪಿನ್ ಚುಚ್ಚಿಸು.

ಹಗಲು ಹೊತ್ತಾದರೆ ಕಿಟಕಿಯ ಬೆಳಕಿಗೆ ಮಬ್ಬು ಫೋಟೋಗಳು ಕಾಣಲ್ಲ. ನಮ್ಮಲ್ಲಿ ರಾತ್ರಿ ದೀಪದಲ್ಲಿ ತೆಗೆದ ಆರತಿಯ ನಾಲ್ಕು ಫೋಟೋ ಬರೀ ಕಪ್ಪು ಚೌಕವಾಗಿದ್ದವು. ಅವತ್ತು ರಾತ್ರಿ ಕೂತು ಬೆಳಕು ಏರಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದೆ. ಎಂಪಿ4, ಎಚ್.264ನಲ್ಲೇ ಮಾಡು, ಯಾವ ಹಳೇ ಟಿವಿಯಾದರೂ ಸಾಮಾನ್ಯವಾಗಿ ತೆಗೆದುಕೊಳ್ಳುತ್ತೆ. ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲೂ ಇರಲಿ.

ಹಾಕಬೇಕಾದ್ದು ಊಟಕ್ಕೆ ಮೊದಲು. ಎಲೆ ಹಾಕಿದ ಸುದ್ದಿ ಬಂದ ಮೇಲೆ ಯಾರೂ ಕೂರಲ್ಲ, ಅದು ನಿನಗೂ ಗೊತ್ತು.

ಕೊನೇ ಫೋಟೋ ನಮ್ಮದು ಈಗಿನದು, ಇಬ್ಬರೂ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿರೋದು. ಹಾಡು ಮುಗಿದ ಮೇಲೂ ಅದನ್ನು 20 ಸೆಕೆಂಡು ಹಾಗೇ ಬಿಟ್ಟಿದ್ದೆ, ಮುಗಿದ ತಕ್ಷಣ ನನ್ನ ಡೆಸ್ಕ್‌ಟಾಪು, ಅದರ ಮೇಲಿನ ಕರೆಂಟ್ ಬಿಲ್ಲು ಎಲ್ಲ ಪರದೆ ಮೇಲೆ ಬರಬಾರದು ಅಂತ. ಆ 20 ಸೆಕೆಂಡಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಪ್ಪ ಮಾತ್ರ ಪಕ್ಕದಲ್ಲಿದ್ದ ಅಮ್ಮನ ಕಡೆ ವಾಲಿ, "ಆ ಗುಂಪಿನ ಫೋಟೋ ಬೇಗ ಹೋಯ್ತು ಕಣೇ" ಅಂದರು.

ನಿಮ್ಮ ಹಳೇ ಆಲ್ಬಮ್ ಯಾರ ಮನೇಲಿದೆ ಅಂತ ನಾಳೆಯೇ ವಿಚಾರಿಸು. ನಮ್ಮದು ಚಿಕ್ಕಮ್ಮನ ಅಟ್ಟದಲ್ಲಿ, ಹಳೇ ಪಂಚಾಂಗಗಳ ಕೆಳಗೆ ಸಿಕ್ಕಿತು.

ನಿನ್ನ ಹಳೇ ಬೆಂಚಿನ ಜೊತೆಗಾರ