ಬುಧವಾರ 10:14ಕ್ಕೆ ಟೆಸ್ಟ್

ಅಮ್ಮ,

ನಾನು ಇಲ್ಲಿ ಬ್ರಿಟನ್ನಿನಲ್ಲಿ ಕ್ಷೇಮ, ನೀವೆಲ್ಲ ಕ್ಷೇಮ ಅಂದುಕೊಂಡಿದ್ದೇನೆ. ನಿನ್ನ ಕಾಗದ ಓದಿದೆ. ಕಣ್ಣಿನ ಪೊರೆ ಆಪರೇಷನ್ ಆಗಿ ತಿಂಗಳೂ ಆಗಿಲ್ಲ, ಅಪ್ಪ ಆಗಲೇ ಸ್ಕೂಟರ್ ಓಡಿಸೋಕೆ ಶುರು ಮಾಡಿದ್ದಾರೆ ಅಂದರೆ ಏನು ಹೇಳಲಿ? ಇರು, ಆ ವಿಷಯಕ್ಕೇ ಬರ್ತೀನಿ.

ಇವತ್ತು ಡ್ರೈವಿಂಗ್ ಸ್ಕೂಲಿನವರ ಮೆಸೇಜ್ ಬಂತು. ಬುಧವಾರ 8:55ಕ್ಕೆ ಮನೆ ಮುಂದೆ ಬರ್ತಾರೆ. ಒಂದು ಗಂಟೆ ಪ್ರಾಕ್ಟೀಸ್, 10:05ಕ್ಕೆ ಟೆಸ್ಟ್ ಸೆಂಟರ್, 10:14ಕ್ಕೆ ಟೆಸ್ಟ್. ಹೌದು, ಹತ್ತು ಹದಿನಾಲ್ಕು! ಇಲ್ಲಿ ಸಮಯ ಕೊಡೋದೇ ಹಾಗೆ. ತರಬೇಕಾದ್ದು ಕಲಿಯುವವರಿಗೆ ಕೊಡುವ ಹಸಿರು ಬಣ್ಣದ ಪ್ರೊವಿಷನಲ್ ಲೈಸೆನ್ಸ್ ಕಾರ್ಡ್. ಥಿಯರಿ ಪಾಸಾದ ಸರ್ಟಿಫಿಕೇಟ್ ಇದ್ದರೆ ಅದೂ. ಕನ್ನಡಕ ಮರೆಯಬೇಡಿ ಅಂತಲೂ ಬರೆದಿದ್ದಾರೆ. ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್, ಜೆರಾಕ್ಸ್ ಯಾವುದೂ ಬೇಡವಂತೆ. ಆದರೆ ಆ ಕಾರ್ಡ್ ಮರೆತರೆ ಟೆಸ್ಟ್ ಇಲ್ಲ, ಕಟ್ಟಿದ 62 ಪೌಂಡೂ ಹೋಯಿತು. ಈಗಲೇ ಪರ್ಸಿಗೆ ಹಾಕಿಟ್ಟಿದ್ದೇನೆ.

ಊರಿನ ಲೈಸೆನ್ಸ್ ಇಲ್ಲಿಗೆ ಬಂದ ಮೇಲೆ ಒಂದೇ ವರ್ಷ ನಡೆಯೋದು, ಅದು ಮುಗೀತು. ಹೋದ ಸಲ ಫೇಲ್ ಆಗಿದ್ದು ನಿನಗೆ ಗೊತ್ತು. ಸಣ್ಣ ತಪ್ಪು 15ರವರೆಗೆ ಬಿಡ್ತಾರೆ, ನನ್ನದು ನಾಲ್ಕೇ. ಆದರೆ ರಸ್ತೆ ಪಕ್ಕದಿಂದ ಹೊರಡುವಾಗ ಕನ್ನಡಿ ಮಾತ್ರ ನೋಡಿ, ಬಲಭುಜದ ಹಿಂದೆ ತಿರುಗಿ ನೋಡಲಿಲ್ಲ. ಆಗ ಒಬ್ಬ ಸೈಕಲ್‌ನವನು ಪಕ್ಕದಲ್ಲೇ ಬಂದ. ಅದು ದೊಡ್ಡ ತಪ್ಪು, ಅಂಥದ್ದು ಒಂದೇ ಸಾಕು. ಹಾಗಾಗಿ ಬುಧವಾರದ ಪ್ರಾಕ್ಟೀಸ್‌ನಲ್ಲಿ ಬರೀ ನಿಲ್ಲಿಸೋದು, ತಿರುಗಿ ನೋಡೋದು, ಹೊರಡೋದು. ಕತ್ತು ನೋವು ಗ್ಯಾರಂಟಿ!

ಈಗ ಅಪ್ಪನ ವಿಷಯ. ಇಲ್ಲಿ ಟೆಸ್ಟಿಗೆ ಕೂರಿಸುವ ಮೊದಲೇ 20 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಿಸ್ತಾರೆ. ಕನ್ನಡಕ ಹಾಕಿಕೊಳ್ಳಬಹುದು. ಓದಲು ಆಗದಿದ್ದರೆ ಕಾರು ಹೊರಡೋದೇ ಇಲ್ಲ, ಅಲ್ಲಿಗೆ ಫೇಲ್. ನೀನೂ ಅಪ್ಪನಿಗೆ ಹಾಗೇ ಮಾಡು. ನಮ್ಮ ಗೇಟಿನಿಂದ ಶೆಟ್ಟರ ಅಂಗಡಿ ಕಡೆಗೆ ಇಪ್ಪತ್ತೇಳು ಹೆಜ್ಜೆ ಎಣಿಸಿ, ಅಲ್ಲಿ ನಿಂತ ಯಾವುದಾದರೂ ಕಾರಿನ ನಂಬರ್ ಓದಿಸು. ಸ್ಕೂಟರ್‌ದು ಬೇಡ, ಅಕ್ಷರ ಸಣ್ಣದು. ನಮ್ಮ ಕಾರಂತೂ ಬೇಡವೇ ಬೇಡ, ಅದರ ನಂಬರ್ ಅವರಿಗೆ ಬಾಯಿಪಾಠ. ತಡವರಿಸಿದರೆ ಸ್ಕೂಟರ್ ಕೀ ನಿನ್ನ ಹತ್ತಿರವೇ ಇಟ್ಟುಕೋ. ಸರಿಯಾಗಿ ಓದಿದರೂ ಡಾಕ್ಟರು ಆಗಬಹುದು ಅನ್ನುವ ತನಕ ಕೊಡಬೇಡ, ರಾತ್ರಿ ಹೊತ್ತಂತೂ ಬೇಡ. ಎದುರಿನ ಲೈಟಿಗೆ ಕಣ್ಣು ಕುಕ್ಕಿದರೆ ಹಗಲಿನ ಓದು ಲೆಕ್ಕಕ್ಕಿಲ್ಲ. ಬೈದರೆ, ಮಗಳೇ ಹೇಳಿದ್ದು ಅನ್ನು.

ನನ್ನ ಬಗ್ಗೆ ಏನೂ ಚಿಂತೆ ಬೇಡ. ಚೆನ್ನಾಗಿ ತಿಂತೀನಿ, ಮಲಗ್ತೀನಿ, ನಿಧಾನವಾಗೇ ಓಡಿಸ್ತೀನಿ. ಬುಧವಾರ ಊಟದ ಹೊತ್ತಿಗೆ ಫೋನ್ ಮಾಡಲಿಲ್ಲ ಅಂತ ಗಾಬರಿಯಾಗಬೇಡ, ಟೆಸ್ಟ್ ಮುಗಿಸಿ ಡ್ಯೂಟಿಗೆ ಓಡಬೇಕು.

ಬಸ್ ಬಂತು, ಇಲ್ಲಿಗೆ ನಿಲ್ಲಿಸ್ತೀನಿ.

ನಿನ್ನ ಮಗಳು